ಏಕನಾಡಿ: 36ಕ್ಕೆ 27 ಗುಣ ಬಂದಾವ, ನಾಡಿ ಸೊನ್ನಿ. ಈ ಸಂಬಂಧ ಮುಂದುವರಿಸಬೇಕೋ ಬ್ಯಾಡೋ?

ಡೊಂಬಿವಲಿ ಅವ್ವ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮಗಳಿಗೆ ಚಿಂಚವಾಡದಿಂದ ಒಂದು ಸಂಬಂಧ ಬಂದದ, ಅವ್ರೂ ನಮ್ಮಂಗ ಧಾರವಾಡ ಕಡೆಯವ್ರ, ಹುಡುಗಾ ಹುಡುಗಿ ಎರಡು ಸಲ ಭೆಟ್ಟಿ ಆಗ್ಯಾರ, ಇಬ್ಬರಿಗೂ ಪಸಂದ ಅದ. ಸಾಲಾವಳಿ ನೋಡೋಣಂತ ಮೊಬೈಲ್ ಆಪ್‌ನ್ಯಾಗ ಹಾಕಿದ್ರ 36ಕ್ಕ 27 ಗುಣ ಬಂದ್ವು, ಭಾಳ ಖುಷಿ ಆತು, ಕೆಳಗ ನೋಡಿದ್ರ ನಾಡಿ ಮುಂದ ಕೆಂಪು ಅಕ್ಷರದಾಗ 0. ಬಾಜೂ ಮನಿ ಮರಾಠಿ ವೈನಿ ನೋಡಿ "ಏಕನಾಡ ಆಹೆ, ನಕೊ" ಅಂದುಬಿಟ್ರು. ಊರಾಗಿನ ನಮ್ಮ ಅತ್ತಿಯವ್ರಂತೂ ಫೋನ್‌ನ್ಯಾಗ ಅಳಾಕತ್ಯಾರ, "ಹುಡುಗಿ ಜೀವಕ್ಕ ಬರ್ತದ" ಅಂತ. ಹುಡುಗನ ಮನಿ ಭಟ್ರು ಮಾತ್ರ "ಇಬ್ಬರದೂ ಮಕರ ರಾಶಿ, ಪರಿಹಾರ ಅದ, ದೋಷ ಇಲ್ಲ" ಅಂತಾರ. ಯಾರ ಮಾತು ಖರೆ? ಹುಡುಗನದು ಶ್ರವಣ 1ನೇ ಪಾದ, ನಮ್ಮ ಹುಡುಗಿದು ಉತ್ತರಾಷಾಢ. ಊರಾಗ ಬರಿಸಿದ ಹಳೇ ಜಾತಕದಾಗ ಧನು ರಾಶಿ ಅಂತ ಅದ, ಆಪ್ ಮಕರ ಅಂತದ, ಅದೇನ್ ದೊಡ್ಡ ಮಾತಲ್ಲ ಅನ್ಕೋತೀನಿ. ತಿಳಿದವ್ರು ದಯವಿಟ್ಟು ಬಿಡಿಸಿ ಹೇಳ್ರಿ.

ಪಿಂಪ್ರಿ ಟೆಕ್ಕಿ

ಆಂಟಿ, ನಾಡಿ ಅಂದ್ರೆ ಬೇಸಿಕಲಿ ಬ್ಲಡ್ ಗ್ರೂಪ್. ನಮ್ಮ ಹಿರಿಯರಿಗೆ ಲ್ಯಾಬ್ ಇರ್ಲಿಲ್ಲ, ಅದಕ್ಕೆ ನಕ್ಷತ್ರದಿಂದ ಕಂಡುಹಿಡೀತಿದ್ರು. ಇಬ್ಬರದೂ ಸೇಮ್ ಬ್ಲಡ್ ಗ್ರೂಪ್ ಇದ್ರೆ ಮಕ್ಕಳಿಗೆ ಪ್ರಾಬ್ಲಂ ಆಗುತ್ತೆ ಅಂತ ಏಕನಾಡಿ ಬೇಡ ಅಂದ್ರು. ನೀವು ಇಬ್ಬರ ಬ್ಲಡ್ ಗ್ರೂಪ್ ಚೆಕ್ ಮಾಡ್ಸಿ, ಬೇರೆ ಬೇರೆ ಬಂದ್ರೆ ನಾಡಿ ದೋಷ ಇಲ್ಲ ಅಂತಾನೇ ಅರ್ಥ.

ಕೋಥ್ರೂಡ್ ಜೋಯಿಸ

ಅಮ್ಮ, ನೀವು ಕೊನೇಲಿ "ದೊಡ್ಡ ಮಾತಲ್ಲ" ಅಂತ ಬಿಟ್ಟಿರೋದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು. ಅದಕ್ಕೆ ಬರ್ತೀನಿ, ಮೊದಲು ನಾಡಿ ಅಂದ್ರೇನು ಅಂತ ಹೇಳಿಬಿಡ್ತೀನಿ, ಅತ್ತೆಯವರಿಗೂ ಓದಿ ಹೇಳಿ.

ಎಡಗೈನ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರು ಮುಂದೆ ಹಿಡೀರಿ. ಅಶ್ವಿನಿ ತೋರುಬೆರಳಿಗೆ, ಭರಣಿ ನಡುಬೆರಳಿಗೆ, ಕೃತ್ತಿಕೆ ಉಂಗುರಬೆರಳಿಗೆ. ಈಗ ಮತ್ತೆ ತೋರುಬೆರಳಿಗೆ ಹೋಗಬಾರದು, ಅಲ್ಲೇ ತಿರುಗಬೇಕು, ರೋಹಿಣಿ ಉಂಗುರಬೆರಳಲ್ಲೇ, ಮೃಗಶಿರ ನಡುವೆ, ಆರ್ದ್ರೆ ತೋರುಬೆರಳು, ಮತ್ತೆ ಅಲ್ಲೇ ತಿರುಗಿ ಪುನರ್ವಸು ತೋರುಬೆರಳು, ಪುಷ್ಯ ನಡುವೆ, ಹೀಗೆ ಹಾವು ಹೋದ ಹಾಗೆ ರೇವತಿವರೆಗೆ. ತೋರುಬೆರಳಿಗೆ ಬಂದ 9 ನಕ್ಷತ್ರ ಆದಿ ನಾಡಿ, ನಡುಬೆರಳಿನ 9 ಮಧ್ಯ ನಾಡಿ, ಉಂಗುರಬೆರಳಿನ 9 ಅಂತ್ಯ ನಾಡಿ. ಇವನ್ನೇ ವಾತ, ಪಿತ್ತ, ಕಫ ಅಂತ ಹೇಳ್ತಾರೆ. ನಿಮ್ಮ ಮಗಳ ಉತ್ತರಾಷಾಢವೂ ಹುಡುಗನ ಶ್ರವಣವೂ ಒಂದರ ಪಕ್ಕ ಒಂದು, ಉಂಗುರಬೆರಳಲ್ಲಿ ತಿರುವಿನ ಜಾಗದಲ್ಲಿ ಕೂತಿವೆ. ಹಾಗಾಗಿ ಇಬ್ಬರದೂ ಅಂತ್ಯ ನಾಡಿ. ರಾಶಿ ಯಾವುದಾದ್ರೂ ಅದು ಬದಲಾಗಲ್ಲ.

ಹೆದರಿಕೆ ಯಾಕೆ ಅಂದ್ರೆ, ಇಬ್ಬರದೂ ಒಂದೇ ಪ್ರಕೃತಿ ಆದ್ರೆ ಅದು ಒಂದಕ್ಕೊಂದು ಸೇರಿ ಕೆರಳುತ್ತೆ, ಸಂತಾನಕ್ಕೆ ತೊಂದರೆ, ಆಯುಸ್ಸಿಗೆ ತೊಂದರೆ ಅನ್ನೋ ನಂಬಿಕೆ. ಜಾತಕ ಹೊಂದಿಸಿ ನೋಡೋ ಎಂಟು ಕೂಟದಲ್ಲಿ ವರ್ಣಕ್ಕೆ 1 ಗುಣ, ನಾಡಿಗೆ 8, ಎಲ್ಲಕ್ಕಿಂತ ಜಾಸ್ತಿ, ಮತ್ತೆ ಇದರಲ್ಲಿ ಅರ್ಧ ಗುಣ ಅನ್ನೋದೇ ಇಲ್ಲ, 8 ಇಲ್ಲಾಂದ್ರೆ 0. ಇನ್ನೊಂದು ಹಳೇ ಮಾತಿದೆ, ಆದಿ ಆದಿ ಸೇರಿದ್ರೆ ಗಂಡನಿಗೆ, ಮಧ್ಯ ಮಧ್ಯ ಆದ್ರೆ ಇಬ್ಬರಿಗೂ, ಅಂತ್ಯ ಅಂತ್ಯ ಆದ್ರೆ ಹೆಣ್ಣಿಗೆ ಕೆಡುಕು ಅಂತ. ಅತ್ತೆಯವರು "ಹುಡುಗಿ ಜೀವಕ್ಕೆ" ಅಂದಿದ್ದು ಎಲ್ಲಿಂದ ಅಂತ ಈಗ ಗೊತ್ತಾಯ್ತಲ್ಲ. ಅವರು ಸುಮ್ಮನೆ ಹೇಳಿದ್ದಲ್ಲ, ಕೇಳಿಕೊಂಡು ಬಂದಿದ್ದನ್ನ ಹೇಳಿದ್ದು. ಆದ್ರೆ ಅದೇ ಪರಂಪರೆಯಲ್ಲೇ ವಿನಾಯಿತಿಗಳೂ ಇವೆ, ಅದನ್ನ ಮನೆಗಳಲ್ಲಿ ಯಾರೂ ಹೇಳಿಕೊಡಲ್ಲ.

ಈಗ ನನಗೆ ಬೇಕಾಗಿರೋದು ಮಗಳು ಹುಟ್ಟಿದ ದಿನ ಮತ್ತೆ ನಿಮಿಷದ ಸಮೇತ ಟೈಮು. ಇಲ್ಲಿ ಎಲ್ಲರ ಮುಂದೆ ಹಾಕಬೇಡಿ, ನನಗೊಬ್ಬನಿಗೇ ಕಳಿಸಿ.

ಮಡಗಾಂವ್ ಲ್ಯಾಬ್

ಪಿಂಪ್ರಿಯವರೇ, ಈ ಬ್ಲಡ್ ಗ್ರೂಪ್ ಮಾತು ದಯವಿಟ್ಟು ಹಬ್ಬಿಸಬೇಡಿ. ನಾನು 14 ವರ್ಷದಿಂದ ಲ್ಯಾಬ್‌ನಲ್ಲಿ ಇದ್ದೇನೆ, ವಾರಕ್ಕೆ ಒಬ್ಬರಾದರೂ ಹೀಗೆ ಹೆದರಿಕೊಂಡು ಬರ್ತಾರೆ. ಗಂಡ ಹೆಂಡತಿ ಇಬ್ಬರದೂ ಓ ಪಾಸಿಟಿವ್ ಆದ್ರೆ ಮಗುವಿಗೆ ಏನೂ ಆಗುವುದಿಲ್ಲ. ಗ್ರೂಪ್ ವಿಷಯದಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಒಂದು, ಹೆಂಡತಿ ನೆಗೆಟಿವ್ ಗಂಡ ಪಾಸಿಟಿವ್ ಇದ್ದಾಗ. ಅಂದ್ರೆ ತೊಂದರೆ ಬರುವುದು ಬೇರೆ ಇದ್ದಾಗ, ಒಂದೇ ಇದ್ದಾಗ ಅಲ್ಲ, ನೀವು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ. ಅದಕ್ಕೂ ಬಸುರಿ ಇದ್ದಾಗ 28ನೇ ವಾರದ ಸುಮಾರಿಗೆ ಮತ್ತು ಹೆರಿಗೆ ಆಗಿ 72 ತಾಸಿನ ಒಳಗೆ ಆಂಟಿ-ಡಿ ಇಂಜೆಕ್ಷನ್ ಕೊಡ್ತಾರೆ. ನಕ್ಷತ್ರಕ್ಕೂ ಬ್ಲಡ್ ಗ್ರೂಪಿಗೂ ಸಂಬಂಧವೇ ಇಲ್ಲ, ಒಂದೇ ದಿನ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ನಕ್ಷತ್ರ ಒಂದೇ ಇರಬಹುದು, ಗ್ರೂಪ್ ನಾಲ್ಕು ತರಹ ಇರ್ತದೆ.

ಮತ್ತೊಂದು ಲೆಕ್ಕ ಹೇಳ್ತೇನೆ. ಜೋಯಿಸರು ಹೇಳಿದ ಹಾಗೆ ಮೂರೇ ನಾಡಿ, ಒಂದೊಂದರಲ್ಲಿ 9 ನಕ್ಷತ್ರ. ಹಾಗಾದ್ರೆ ಜಾತಕ ನೋಡದೇ ಮದುವೆ ಆದವರಲ್ಲಿ ಸುಮಾರು ಮೂರರಲ್ಲಿ ಒಂದು ಜೋಡಿ ಏಕನಾಡಿಯೇ ಇರಬೇಕು. ಇಲ್ಲಿ ಗೋವಾದಲ್ಲಿ ನನ್ನ ನೆರೆಯವರು ಅರ್ಧ ಜನ ಕ್ರಿಶ್ಚಿಯನ್ನರು, ಯಾರೂ ನಾಡಿ ನೋಡಿದವರಲ್ಲ. ಮೂರರಲ್ಲಿ ಒಂದು ಮನೆ ಹಾಗೆ ಹಾಳಾಗಿದ್ದರೆ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲವಾ?

ಮುಲುಂಡ್ ಬಂಟ

ನಮ್ಮಲ್ಲಿ ಇದು ಸುಲಭ ಮಾರ್ರೆ. ಒಂದೇ ಬಳಿ, ಅಂದ್ರೆ ಒಂದೇ ಕುಲ ಆದ್ರೆ ಅಣ್ಣ ತಂಗಿ ಲೆಕ್ಕ, ಮದುವೆ ಇಲ್ಲ, ಅಷ್ಟೇ. ಬಳಿ ತಾಯಿ ಕಡೆಯಿಂದ ಬರುವುದು. ನಿಮ್ಮದು ತಂದೆ ಕಡೆಯಿಂದ ಇರಬೇಕು. ಬಳಿ ಬೇರೆ ಉಂಟಾದ್ರೆ ಧೈರ್ಯದಲ್ಲಿ ಮಾಡಿ.

ಕೋಥ್ರೂಡ್ ಜೋಯಿಸ

ಮುಲುಂಡ್‌ನವರೇ, ನೀವು ಹೇಳ್ತಿರೋದು ಗೋತ್ರದ ಥರದ್ದು, ಅದು ವಂಶದ ಮಾತು. ನಾಡಿ ವಂಶದಿಂದ ಬರೋದಲ್ಲ, ಹುಟ್ಟಿದ ಗಳಿಗೆಯಲ್ಲಿ ಚಂದ್ರ ಯಾವ ನಕ್ಷತ್ರದಲ್ಲಿದ್ದ ಅನ್ನೋದರಿಂದ ಬರೋದು. ಒಂದೇ ತಾಯಿಯ ಮೂರು ಮಕ್ಕಳಿಗೆ ಮೂರು ನಾಡಿ ಇರಬಹುದು. ಸಗೋತ್ರ ಬೇರೆ, ಏಕನಾಡಿ ಬೇರೆ, ಎರಡನ್ನೂ ಒಂದೇ ಅಂದುಕೊಂಡು ಹೆದರೋರು ತುಂಬಾ ಜನ ಇದ್ದಾರೆ.

ಬೊರಿವಲಿ ಕಾಕಾ

ಯವ್ವಾ, ನಾಡಿ ದೋಷ ಬ್ರಾಹ್ಮಣರಿಗೆ ಅಷ್ಟ ನೋಡಬೇಕು, ಉಳಿದವ್ರಿಗೆ ಇಲ್ಲೇ ಇಲ್ಲ, ಶ್ಲೋಕನ ಅದ. ನೀವು ಬ್ರಾಹ್ಮಣರಲ್ಲಂದ್ರ ಬಿಟ್ಟುಬಿಡ್ರಿ. ಮತ್ತ ಶ್ರವಣ ನಕ್ಷತ್ರಕ್ಕ ನಾಡಿ ದೋಷ ತಟ್ಟಂಗಿಲ್ಲ, ರೋಹಿಣಿ, ಪುಷ್ಯ, ಶ್ರವಣ, ರೇವತಿ ಅಂತ ಒಂದು ಯಾದಿನ ಅದ. ನನ್ನ ತಂಗಿ ಲಗ್ನಾ ಇದ ಆಧಾರದ ಮ್ಯಾಲ ಆತು, ಇವತ್ತಿಗೆ ಮೂರು ಮೊಮ್ಮಕ್ಕಳು.

ಕೋಥ್ರೂಡ್ ಜೋಯಿಸ

ಕಾಕಾ, ಎರಡೂ ಮಾತು ಚಾಲ್ತಿಯಲ್ಲಿವೆ, ಇಲ್ಲ ಅನ್ನಲ್ಲ. ಬ್ರಾಹ್ಮಣರಿಗೆ ನಾಡಿ, ಕ್ಷತ್ರಿಯರಿಗೆ ವರ್ಣ, ವೈಶ್ಯರಿಗೆ ಗಣ, ಶೂದ್ರರಿಗೆ ಯೋನಿ ಮುಖ್ಯ ಅಂತ ಶ್ಲೋಕ ಇದೆ. ಆದ್ರೆ ಇವತ್ತು ಆಪ್ ಯಾರ ಜಾತೀನೂ ಕೇಳಲ್ಲ, ಎಲ್ಲರಿಗೂ ಕೆಂಪು ಸೊನ್ನೆ ತೋರಿಸುತ್ತೆ, ಮನೆಯವರು ಎಲ್ಲರೂ ಹೆದರ್ತಾರೆ. ಹಾಗಾಗಿ ಬರೀ ಅದನ್ನ ಹಿಡ್ಕೊಂಡು ಒಂದು ಮನೆಗೆ ಧೈರ್ಯ ಹೇಳಕ್ಕೆ ನನಗೆ ಮನಸ್ಸು ಬರಲ್ಲ.

ಆ ಯಾದಿ ವಿಷಯ ಹೇಳಬೇಕು ಅಂದ್ರೆ, ಅದು ಪಂಚಾಂಗದಿಂದ ಪಂಚಾಂಗಕ್ಕೆ ಬದಲಾಗುತ್ತೆ. ಅದರ ಮೂಲ ಶ್ಲೋಕದ ಒಂದು ಪದ ಬಿಡಿಸೋದರಲ್ಲೇ ಜಗಳ, ಒಬ್ಬರು ಮೃಗಶಿರ ಅಂತಾರೆ, ಇನ್ನೊಬ್ಬರು ಜ್ಯೇಷ್ಠಾ ಅಂತಾರೆ. ಶ್ರವಣ ಎಲ್ಲ ಯಾದಿಯಲ್ಲೂ ಇದೆ, ಅದು ಸರಿ. ಆದ್ರೆ ಇಬ್ಬರೂ ಅದೇ ನಕ್ಷತ್ರದಲ್ಲಿ ಹುಟ್ಟಿದ್ರೆ ಮಾತ್ರ ಅನ್ವಯಿಸುತ್ತೆ ಅಂತ ಒಂದು ಪಕ್ಷ, ಒಬ್ಬರದ್ದಾದ್ರೂ ಸಾಕು ಅಂತ ಇನ್ನೊಂದು. ನಾನು ಮೊದಲನೇ ಪಕ್ಷದವನು.

ಗಟ್ಟಿ ವಿನಾಯಿತಿ ಅಂತ ನಾನು ಹಿಡಿಯೋದು ಕಾಶಿಯಲ್ಲಿ ರಾಮ ದೈವಜ್ಞರು 1600ರ ಸುಮಾರಿಗೆ ಬರೆದ ಮುಹೂರ್ತ ಚಿಂತಾಮಣಿಯಲ್ಲಿ ಇರೋದನ್ನ. ಇಬ್ಬರ ರಾಶಿ ಒಂದೇ ಆಗಿ ನಕ್ಷತ್ರ ಬೇರೆ ಇದ್ರೆ ದೋಷ ಇಲ್ಲ. ನಕ್ಷತ್ರ ಒಂದೇ ಆಗಿ ರಾಶಿ ಬೇರೆ ಇದ್ರೂ ಇಲ್ಲ. ರಾಶಿ ನಕ್ಷತ್ರ ಎರಡೂ ಒಂದೇ ಆದ್ರೆ ಪಾದ ಬೇರೆ ಇರಬೇಕು. ಬಹುಪಾಲು ಜೋಯಿಸರು, ಇಲ್ಲಿ ಪುಣೆಯ ಮರಾಠಿ ಗುರೂಜಿಗಳೂ ಸೇರಿ, ಇದನ್ನ ಒಪ್ಪುತ್ತಾರೆ.

ಬೆರಳಲ್ಲಿ ಎಣಿಸಿ ನೋಡಿದವರಿಗೆ ಒಂದು ವಿಷಯ ಕಾಣುತ್ತೆ. ಒಂದೇ ರಾಶಿ, ಬೇರೆ ನಕ್ಷತ್ರ, ಆದರೂ ಒಂದೇ ನಾಡಿ ಅನ್ನೋದು ಎಲ್ಲ ರಾಶಿಯಲ್ಲೂ ಬರೋದೇ ಇಲ್ಲ. ಬೆರಳು ತಿರುಗೋ ಜಾಗ ರಾಶಿಯ ಒಳಗೆ ಬಿದ್ದಾಗ ಮಾತ್ರ ಬರುತ್ತೆ. ವೃಷಭದಲ್ಲಿ ಕೃತ್ತಿಕೆ ರೋಹಿಣಿ, ಮಿಥುನದಲ್ಲಿ ಆರ್ದ್ರೆ ಪುನರ್ವಸು, ಕನ್ಯಾದಲ್ಲಿ ಉತ್ತರೆ ಹಸ್ತ, ತುಲೆಯಲ್ಲಿ ಸ್ವಾತಿ ವಿಶಾಖೆ, ಮಕರದಲ್ಲಿ ಉತ್ತರಾಷಾಢ ಶ್ರವಣ, ಕುಂಭದಲ್ಲಿ ಶತಭಿಷ ಪೂರ್ವಾಭಾದ್ರ, ಈ ಆರೇ. ಮೇಷ, ಕರ್ಕದಂಥ ರಾಶಿಯವರಿಗೆ ಯಾರಾದ್ರೂ "ಒಂದೇ ರಾಶಿ, ನಕ್ಷತ್ರ ಬೇರೆ, ಅದಕ್ಕೆ ನಾಡಿ ದೋಷ ಹೋಯ್ತು" ಅಂದ್ರೆ ಅವರು ಲೆಕ್ಕ ಹಾಕಿಲ್ಲ ಅಂತಲೇ ತಿಳ್ಕೊಳ್ಳಿ, ಅಲ್ಲಿ ದೋಷ ಇರೋದೇ ಇಲ್ಲ, ಹೋಗೋದೇನು.

ಡೊಂಬಿವಲಿ ಅವ್ವ

ಜೋಯಿಸರ, ಬೆರಳಿನ ಲೆಕ್ಕ ಹಾಕಿದೆ, ಖರೇನ ಎರಡೂ ಉಂಗುರಬೆರಳಿಗೇ ಬಂದ್ವು. ಮಗಳೂ ಬಾಜೂ ಕುಂತು ಎಣಿಸಿದ್ಲು. ನೀವು ಹೇಳಿದಂಗ ಟೈಮು ಕಳಿಸೀನಿ. ನಸುಕಿನ್ಯಾಗ ಹುಟ್ಟಿದ್ದು. ನಾನು ಆಪ್‌ನ್ಯಾಗ 4 ಗಂಟಿ 40 ನಿಮಿಷ ಹಾಕಿದ್ದೆ, ಆದ್ರ ಊರಿನ ಜಾತಕದ ಮ್ಯಾಲ 4 ಗಂಟಿ 10 ಅಂತ ಅದ, ನಮ್ಮ ಮಾವನೋರು ಹೇಳಿ ಬರಿಸಿದ್ದು. ಹುಬ್ಬಳ್ಳಿ ಆಸ್ಪತ್ರಿಯೊಳಗ ಹುಟ್ಟಿದ್ದಕ್ಕ ಆಪ್‌ನ್ಯಾಗ ಡೊಂಬಿವಲಿ ಹಾಕಿದ್ದು ತಪ್ಪಾತೇನು?

ಕೋಥ್ರೂಡ್ ಜೋಯಿಸ

ಊರು ಬದಲಾದ್ರೆ ಲಗ್ನ ಸ್ವಲ್ಪ ಸರಿಯುತ್ತೆ, ಚಂದ್ರನ ನಕ್ಷತ್ರ ಬದಲಾಗಲ್ಲ, ಗಡಿಯಾರ ದೇಶಕ್ಕೆಲ್ಲ ಒಂದೇ ಅಲ್ವಾ. ಆ ಚಿಂತೆ ಬಿಡಿ. ಚಿಂತೆ ಇರೋದು ಆ 30 ನಿಮಿಷದ್ದು.

ಉತ್ತರಾಷಾಢದ ಮೊದಲನೇ ಪಾದ ಧನು ರಾಶಿಯಲ್ಲಿ, ಉಳಿದ ಮೂರು ಪಾದ ಮಕರದಲ್ಲಿ. ಚಂದ್ರ ಒಂದು ನಕ್ಷತ್ರ ದಾಟಕ್ಕೆ ಸುಮಾರು ಒಂದು ದಿನ, ಒಂದು ಪಾದಕ್ಕೆ ಸುಮಾರು 6 ಗಂಟೆ. ನೀವು ಕಳಿಸಿದ ದಿನ ಚಂದ್ರ ಧನು ಬಿಟ್ಟು ಮಕರಕ್ಕೆ ಬಂದಿದ್ದು ನನ್ನ ಲೆಕ್ಕದಲ್ಲಿ ಬೆಳಗಿನ ಜಾವ 4:25ಕ್ಕೆ. 4:40ಕ್ಕೆ ಹುಟ್ಟಿದ್ರೆ ಮಗಳು ಮಕರ, ಹುಡುಗನೂ ಮಕರ, ರಾಶಿ ಒಂದು ನಕ್ಷತ್ರ ಎರಡು, ವಿನಾಯಿತಿ ಸಿಗುತ್ತೆ, ಉಳಿದ ಏಳು ಕೂಟದಿಂದ 28ಕ್ಕೆ 27 ಬಂದಿರೋದೂ ಸರಿ. 4:10ಕ್ಕೆ ಹುಟ್ಟಿದ್ರೆ ಮಗಳು ಧನು. ಆಗ ರಾಶಿಯೂ ಬೇರೆ ನಕ್ಷತ್ರವೂ ಬೇರೆ ನಾಡಿ ಮಾತ್ರ ಒಂದು, ವಿನಾಯಿತಿ ಹೋಯ್ತು. ಅಷ್ಟೇ ಅಲ್ಲ, ಧನು ಮಕರ ಪಕ್ಕಪಕ್ಕದ ರಾಶಿ, ಎರಡು ಹನ್ನೆರಡು ಅಂತ ರಾಶಿಕೂಟದ 7 ಗುಣ ಹೋಗುತ್ತೆ, ಗುರು ಶನಿ ಅಂತ ಗ್ರಹಮೈತ್ರಿ 5ರಿಂದ 3ಕ್ಕೆ ಇಳಿಯುತ್ತೆ, ವರ್ಣದ 1 ಹೋಗುತ್ತೆ. 27 ಇದ್ದದ್ದು 17. ಕನಿಷ್ಠ 18 ಬೇಕು ಅನ್ನೋರು ಅಲ್ಲೇ ಜಾತಕ ಮಡಚಿಡ್ತಾರೆ.

ಹುಡುಗಿ ಅದೇ, ಹುಡುಗ ಅದೇ, ಅರ್ಧ ಗಂಟೆಯಲ್ಲಿ ಇಷ್ಟು. ಅದಕ್ಕೇ ನಾನು ಏಕನಾಡಿ ಅಂತ ಬಂದೋರನ್ನ ಮೊದಲು ಕೇಳೋದು ಟೈಮು ಯಾರು ಬರ್ಕೊಂಡ್ರು ಅಂತ. ಇನ್ನೂ ಒಂದು ನೋಡಿ, ಆಪ್‌ನ ಸೆಟ್ಟಿಂಗ್‌ನಲ್ಲಿ ಅಯನಾಂಶ, ಅಂದ್ರೆ ರಾಶಿಚಕ್ರ ಎಲ್ಲಿಂದ ಶುರು ಅನ್ನೋ ಲೆಕ್ಕ, ಲಾಹಿರಿ ಇದೆಯಾ ರಾಮನ್ ಇದೆಯಾ. ಎರಡಕ್ಕೂ ಸುಮಾರು ಒಂದೂವರೆ ಡಿಗ್ರಿ ಫರಕು, ಚಂದ್ರನ ಓಟದಲ್ಲಿ ಅದು ಎರಡೂವರೆ ಮೂರು ಗಂಟೆ. ನಾನು ಹೇಳಿದ 4:25 ಲಾಹಿರಿಯದು. ಊರಿನ ಜೋಯಿಸರು ಸೂರ್ಯಸಿದ್ಧಾಂತದ ಪಂಚಾಂಗ ಇಟ್ಕೊಂಡಿದ್ರೆ ಅಲ್ಲಿ ಇನ್ನೊಂದು ಹೊತ್ತು ಬರಬಹುದು. ಆಸ್ಪತ್ರೆಯ ಕಾಗದ ಏನಾದ್ರೂ ಇದೆಯಾ ಹುಡುಕಿ.

ಥಾಣೆ ಸೊಸೆ

ನಾನು ಬರೀಬೇಕೋ ಬೇಡವೋ ಅಂತ ನಿನ್ನೆಯಿಂದ ಯೋಚನೆ ಮಾಡ್ತಿದ್ದೆ. ನಮ್ಮದು ಏಕನಾಡಿ, ಇಬ್ಬರದೂ ಮಧ್ಯ ನಾಡಿ, ಯಾವ ವಿನಾಯಿತಿಯೂ ಇಲ್ಲ. ಮದುವೆಗೆ ಮುಂಚೆ ಒಬ್ಬ ಜ್ಯೋತಿಷಿ ಶಾಂತಿ ಮಾಡಿಸಬೇಕು, ಮೃತ್ಯುಂಜಯ ಜಪ, ಬಂಗಾರ ದಾನ, ಗೋದಾನ ಎಲ್ಲಾ ಸೇರಿ 45 ಸಾವಿರ ಅಂತ ಹೇಳಿ ತಗೊಂಡ್ರು. ಅಪ್ಪ ಅಮ್ಮನ ಬಳೆ ಅಡ ಇಟ್ಟು ಕೊಟ್ಟಿದ್ರು. ಮದುವೆ ಆಗಿ ಎರಡು ವರ್ಷಕ್ಕೆ ನನಗೆ ಒಂದು ಸಲ ಗರ್ಭ ನಿಲ್ಲಲಿಲ್ಲ. ಆಗ ಮನೆಯಲ್ಲಿ ಎಲ್ಲರೂ ಅಂದಿದ್ದು ಒಂದೇ, ನಾಡಿ ದೋಷ. ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಕ್ಕೆ ಆರು ತಿಂಗಳು ಆಯ್ತು, ಆಮೇಲೆ ಗೊತ್ತಾಗಿದ್ದು ಥೈರಾಯ್ಡ್. ಮಾತ್ರೆ ತಗೊಂಡೆ, ಈಗ ಮಗನಿಗೆ ನಾಲ್ಕು ವರ್ಷ. ದೋಷ ಇದೆಯೋ ಇಲ್ಲವೋ ನಾನು ಹೇಳಲ್ಲ. ಒಂದು ಸಲ ಮನೆಯಲ್ಲಿ ಆ ಹೆಸರು ಬಂತು ಅಂದ್ರೆ ಮುಂದೆ ಜ್ವರ ಬಂದ್ರೂ ಅದಕ್ಕೇ ಅಂಟಿಸ್ತಾರೆ, ಅದನ್ನ ಹುಡುಗಿ ಒಬ್ಬಳೇ ಹೊತ್ಕೋಬೇಕಾಗುತ್ತೆ. ಮುಂದುವರಿಸೋದಾದ್ರೆ ಎರಡೂ ಮನೆಯವರು ಕೂತು ಇದನ್ನ ಮೊದಲೇ ಬಾಯಿಬಿಟ್ಟು ಮಾತಾಡಿ, ಅತ್ತೆಯಾಗೋರ ಮುಂದೆ ಮಾತಾಡಿ.

ಪಿಂಪ್ರಿ ಟೆಕ್ಕಿ

ಬ್ಲಡ್ ಗ್ರೂಪ್ ವಿಷಯ ನಾನು ಫಾರ್ವರ್ಡ್‌ನಲ್ಲಿ ಓದಿದ್ದು, ತಪ್ಪಾಯ್ತು. ಆದ್ರೂ ಒಂದೇ ಥರದ ಜೀನ್ಸ್ ಸೇರಬಾರದು ಅನ್ನೋ ಲಾಜಿಕ್ ಸರಿ ಇದೆ ಅಲ್ವಾ?

ಮಡಗಾಂವ್ ಲ್ಯಾಬ್

ಆ ಮಾತು ಸರಿ, ಆದ್ರೆ ಅದನ್ನು ನಾಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ನೆಂಟಸ್ತಿಕೆಯಲ್ಲಿ ಸಿಗ್ತದೆ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಕಡೆ ಸೋದರಮಾವನಿಗೆ ಕೊಡ್ತಾರೆ, ಅತ್ತೆ ಮಗನಿಗೆ ಕೊಡ್ತಾರೆ, ನಾಡಿ ಬೇರೆ ಬಂತು ಅಂತ ನೆಮ್ಮದಿಯಿಂದ ಮದುವೆ ಮಾಡ್ತಾರೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಕಾಲು ಭಾಗ ಜೀನ್ ಒಂದೇ ಇರ್ತದೆ. ಹೆದರಬೇಕಾದದ್ದು ಅಲ್ಲಿ.

ಡೊಂಬಿವಲಿಯವರೇ, ಮಕ್ಕಳ ಬಗ್ಗೆ ನಿಜವಾಗಿ ಚಿಂತೆ ಇದ್ದರೆ ಇಬ್ಬರದೂ ಒಂದು ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಅಂತ ಕೇಳಿ. ಬೀಟಾ ಥಲಸ್ಸೇಮಿಯಾ ವಾಹಕ ಹೌದೋ ಅಲ್ಲವೋ ಅದರಲ್ಲಿ ತಿಳಿಯುತ್ತದೆ. ಒಬ್ಬರು ವಾಹಕ ಆದ್ರೆ ಮಗುವಿಗೆ ದೊಡ್ಡ ರೋಗ ಬರುವುದಿಲ್ಲ, ಇಬ್ಬರೂ ವಾಹಕರಾದ್ರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಅಂಶ ಅಪಾಯ. ವಾಹಕರು ನೋಡಲು ಆರೋಗ್ಯವಾಗಿಯೇ ಇರ್ತಾರೆ, ಪರೀಕ್ಷೆ ಬಿಟ್ಟು ಗೊತ್ತಾಗುವ ದಾರಿ ಇಲ್ಲ. ಮೊದಲೇ ಗೊತ್ತಿದ್ದರೆ ಡಾಕ್ಟರ್ ಹತ್ತಿರ ಮಾಡಲಿಕ್ಕೆ ದಾರಿಗಳಿವೆ.

ಬೊರಿವಲಿ ಕಾಕಾ

ಲ್ಯಾಬಿನವ್ರ ಮಾತಿಗೆ ಅಡ್ಡ ಮಾತಾಡಂಗಿಲ್ಲ. ಆದ್ರ ಜೋಯಿಸರ, ಶ್ರವಣ ಯಾದಿಯಾಗ ಅದ ಅಂದಮ್ಯಾಲ ಒಬ್ರಿಗೆ ಇದ್ರ ಸಾಕು ಅಂತ ನಮ್ಮ ಗದಗಿನ ಗುರುಗಳು ಹೇಳಿದ್ದು, ನಾನು ಅದನ್ನ ಬಿಡಂಗಿಲ್ಲ. ಧನು ಆದ್ರೂ ಈ ಸಂಬಂಧ ಆಗ್ತದ ಅಂತೀನಿ.

ಕೋಥ್ರೂಡ್ ಜೋಯಿಸ

ಕಾಕಾ, ನಿಮ್ಮ ಗುರುಗಳ ಮಾತು ನಿಮಗೆ ಪ್ರಮಾಣ, ನಾನು ಬೇಡ ಅನ್ನಲ್ಲ. ನನ್ನ ಹತ್ತಿರ ಬಂದಿದ್ರೆ ಧನು ಅಂತಾದಾಗ ವಿನಾಯಿತಿ ಇದೆ ಅಂತ ಬರೆದು ಕೊಡ್ತಿರಲಿಲ್ಲ, ಇಷ್ಟೇ. ಥಾಣೆ ತಂಗಿ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಜಪ, ದಾನ ಮನಸ್ಸಿಗೆ ಸಮಾಧಾನಕ್ಕೆ ಮಾಡ್ಕೊಳ್ಳಿ, ದೇವಸ್ಥಾನದಲ್ಲಿ ಕೂತು ಮನೆಯವರೇ ಜಪ ಮಾಡಬಹುದು, ಅವರವರ ಶಕ್ತಿಯಷ್ಟು ದಾನ ಅಂತಲೇ ಹೇಳಿರೋದು. ಬಳೆ ಅಡ ಇಡಿಸಿ ಹೋಮ ಮಾಡಿಸೋನು ಈ ವೃತ್ತಿಯವನೇ ಅಲ್ಲ, ಅದನ್ನ ಓದಿ ನನಗೆ ಹೊಟ್ಟೆ ಉರೀತು.

ಡೊಂಬಿವಲಿ ಅವ್ವ

ಎಲ್ಲಾ ಓದಿದೆ, ಥಾಣೆ ತಂಗೀದು ಓದಿ ಕಣ್ಣಾಗ ನೀರು ಬಂದ್ವು. ನಿನ್ನೆ ರಾತ್ರಿ ಅಟ್ಟದ ಮ್ಯಾಲಿನ ಟ್ರಂಕ್ ಇಳಿಸಿ ಹುಡುಕಿದ್ವಿ. ಮಗಳ ಲಸಿಕಿ ಕಾರ್ಡಿನ ಒಳಗ ಮಡಚಿಟ್ಟ ಡಿಸ್ಚಾರ್ಜ್ ಕಾಗದ ಸಿಕ್ತು, ಮಡಿಕಿ ಹರದದ, ಆದ್ರ ನೀಲಿ ಶಾಯಿಯೊಳಗ 4.35 ಅಂತ ಚೊಲೊ ಕಾಣ್ತದ, ಮುಂದ ತೂಕ 2.8 ಕಿಲೋ ಬರದಾರ. ನಂದು 4:40 ಅಲ್ಲ, ಮಾವನೋರ 4:10 ಅಲ್ಲ. ನಮ್ಮನಿಯವ್ರು ಹೇಳಿದ್ರು, ಮಾವನೋರು ಆ ಹೊತ್ತಿನ್ಯಾಗ ಊರಾಗ ಇದ್ರು, ಸುದ್ದಿ ಆಮ್ಯಾಲೆ ಗೊತ್ತಾಗಿದ್ದು, ಅಂದಾಜಿಲೆ ಬರಿಸಿರಬೇಕು ಅಂತ.

ಕೋಥ್ರೂಡ್ ಜೋಯಿಸ

4:35 ಆದ್ರೆ ಮಕರಕ್ಕೆ ಬಂದು 10 ನಿಮಿಷ ಆಗಿದೆ. ನನ್ನ ಲೆಕ್ಕದಲ್ಲಿ ಉತ್ತರಾಷಾಢ 2ನೇ ಪಾದ, ಮಕರ, ವಿನಾಯಿತಿ ಇದೆ. ಆದ್ರೆ ಆಸ್ಪತ್ರೆಯವರು ಮಗು ಹೊರಗೆ ಬಂದ ಹೊತ್ತನ್ನ ಬರೆದರಾ, ತೂಕ ಹಾಕಿ ಆಮೇಲೆ ಗೋಡೆ ಗಡಿಯಾರ ನೋಡಿ ಬರೆದರಾ, ಆ ಗಡಿಯಾರ ಸರಿ ಇತ್ತಾ, ಅದನ್ನ ನಾನೂ ಹೇಳಲಾರೆ. 10 ನಿಮಿಷದ ಅಂಚು ಅಂಚೇ. ಹುಡುಗನ ಮನೆ ಭಟ್ಟರಿಗೂ ಈ ಕಾಗದದ ಫೋಟೋ ಕಳಿಸಿ, ಮುಚ್ಚಿಡಬೇಡಿ, ಧನು ಅಂತ ಬರೆದ ಹಳೇ ಜಾತಕವನ್ನೂ ತೋರಿಸಿ.

ಡೊಂಬಿವಲಿ ಅವ್ವ

ಎರಡೂ ಕಳಿಸಿದೆ. ಹುಡುಗನ ತಾಯಿ ಫೋನ್ ಮಾಡಿ ಮುಂದಿನ ರವಿವಾರ ಬರ್ರಿ, ಕುಂತು ಮಾತಾಡೋಣ ಅಂದ್ರು, ಥಾಣೆ ತಂಗಿ ಬರದದ್ದನ್ನೂ ಅವ್ರಿಗೆ ಓದಿ ಹೇಳಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದು "ನಮ್ಮ ಮನ್ಯಾಗ ಹಂಗ ಆಗೂದಿಲ್ಲ" ಅಂದ್ರು. ಪರೀಕ್ಷೆ ಮಾತು ನಾನು ತಗೀಲಿಕ್ಕೆ ಅಂಜಿದ್ದೆ, ಮಗಳೇ ಹುಡುಗಗ ಹೇಳಿಬಿಟ್ಟಾಳ, ಅವ ಶನಿವಾರ ಕೊಡ್ತೀನಿ ಅಂದಾನಂತ. ಅತ್ತಿಯವ್ರು ಇನ್ನೂ ಒಪ್ಪಿಲ್ಲ. 10 ನಿಮಿಷದ ಮ್ಯಾಲ ಮಗಳನ್ನ ಕೊಡ್ತೀರೇನು ಅಂತ ಕೇಳ್ತಾರ. ಮಡಗಾಂವ್‌ನವ್ರ, ಆ ಪರೀಕ್ಷೆಗೆ ಖಾಲಿ ಹೊಟ್ಟಿಲೆ ಹೋಗಬೇಕೇನು?

ಮಡಗಾಂವ್ ಲ್ಯಾಬ್

ಬೇಡ, ಊಟ ಮಾಡಿ ಹೋದರೂ ನಡೀತದೆ. ಇತ್ತೀಚೆಗೆ ಇಬ್ಬರಲ್ಲಿ ಯಾರಿಗಾದರೂ ರಕ್ತ ಏರಿಸಿದ್ದರೆ ಅದನ್ನು ಮಾತ್ರ ಲ್ಯಾಬ್‌ನವರಿಗೆ ಮೊದಲೇ ಹೇಳಿ, ರಿಪೋರ್ಟ್ ತಪ್ಪು ಬರಬಹುದು. ಜೊತೆಗೆ ಸಿಬಿಸಿ ಕೂಡ ಮಾಡಿಸಿ, ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕಾಗ್ತದೆ.